ಮೊನ್ಜಾ ಮೊದಲ ಚಿಕೇನ್: ಬ್ರೇಕ್ ತಡವಾಗಿ ಹಿಡಿದರೂ ಟೈಮ್ ಬರ್ತಿಲ್ಲ, ಗ್ರಾಫ್ ಓದೋದ್ರಲ್ಲಿ ಎಲ್ಲಿ ತಪ್ತಿದೀನಿ?

ಗುಬ್ಬಿಗೇಟ್ ರೇಸರ್, ತುಮಕೂರು · ಶನಿವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಅಸೆಟ್ಟೊ ಕೋರ್ಸಾ ಕಾಂಪೆಟಿಟ್ಸಿಯೋನೆ ಅನ್ನೋ ರೇಸಿಂಗ್ ಆಟದಲ್ಲಿ ಮೊನ್ಜಾ ಟ್ರ್ಯಾಕ್ ಒಂದನ್ನೇ ಓಡಿಸ್ತಿದೀನಿ. ಜಿಟಿ3 ಕಾರು, ಸೆಕೆಂಡ್ ಹ್ಯಾಂಡ್ ವೀಲ್, ಪೆಡಲ್. ನನ್ನ ಬೆಸ್ಟ್ 1:50.4, ಹತ್ತು ಸುತ್ತಿನ ಸರಾಸರಿ 1:51.3. ಇದೇ ಕಾರು, ಇದೇ ಸೆಟಪ್‌ನಲ್ಲಿ ನನ್ನ ಗೆಳೆಯ 1:48.9 ಮಾಡ್ತಾನೆ.

ಇಬ್ಬರ ಲಾಗ್ ಫೈಲನ್ನೂ ಮೋಟೆಕ್ ಐ2 ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಹಾಕಿ ನೋಡಿದೆ. ಮೊದಲ ಚಿಕೇನ್‌ಗೆ ಅಂದ್ರೆ ಬಲ ಎಡ ಜೋಡಿ ತಿರುವಿಗೆ, ಅವನು ಇನ್ನೂ 128 ಮೀಟರ್ ಇರುವಾಗ ಬ್ರೇಕ್ ಒತ್ತುತ್ತಾನೆ, ನಾನು 148ಕ್ಕೆ. ಸರಿ, ತಪ್ಪು ಸಿಕ್ತು ಅಂದ್ಕೊಂಡು ಎರಡು ದಿನ 130ಕ್ಕೇ ಒತ್ತಿ ನೋಡಿದೆ. ಅರ್ಧ ಸುತ್ತುಗಳಲ್ಲಿ ನೇರ ಹೋಗಿ ಬೋರ್ಡ್‌ಗೆ ಗುದ್ದಿದೆ, ಉಳಿದ ಸುತ್ತು ಮೊದಲಿಗಿಂತ ನಿಧಾನ ಬಂತು. ಗ್ರಾಫ್ ಹೇಳಿದ್ದನ್ನೇ ಮಾಡಿದ್ರೂ ಯಾಕೆ ಹೀಗೆ? ಸ್ಕ್ರೀನ್‌ಶಾಟ್ ಹಾಕಿದೀನಿ: ವೇಗ, ಬ್ರೇಕ್, ಥ್ರಾಟಲ್, ಚಕ್ರ ಜಾರದ ಹಾಗೆ ಶಕ್ತಿ ತಗ್ಗಿಸೋ ಟಿಸಿ, ಕೆಳಗೆ ನಮ್ಮಿಬ್ಬರ ಸಮಯದ ಅಂತರ ತೋರಿಸೋ ಡೆಲ್ಟಾ.

ಲೇಟ್‌ಬ್ರೇಕ್ ಕೋಲಾರ · ರಾತ್ರಿ 10:58

ಗುರು, 20 ಮೀಟರ್ ಅಂದ್ರೆ ಸಣ್ಣ ವಿಷಯ ಅಲ್ಲ. ಆ ನೇರ ದಾರಿ ಕೊನೇಲಿ 270 ಇರುತ್ತೆ. ನಿನ್ನ ಟೈಮೆಲ್ಲ ಅಲ್ಲೇ ಹೋಗ್ತಿದೆ. ಒಂದೇ ಸಲ 20 ಕಡಿಮೆ ಮಾಡಿದ್ದು ತಪ್ಪು. ದಿನಕ್ಕೆ 5 ಮೀಟರ್ ಕಮ್ಮಿ ಮಾಡ್ಕೊಂಡು ಬಾ, ನಾಲ್ಕು ದಿನಕ್ಕೆ 128 ತಲುಪ್ತೀಯ. ನಾನೂ ಹಾಗೇ ಕಲ್ತಿದ್ದು.

ಟೊಮೇಟೊ ಲಾರಿ, ಕೋಲಾರ · ರಾತ್ರಿ 11:20

ಒಂದು ಸಂದೇಹ. ನಮ್ಮದು ಎರಡು ಗಾಡಿ ಇದೆ, ಕೋಲಾರ ಮಾರ್ಕೆಟ್‌ನಿಂದ ಚೆನ್ನೈಗೆ ಟೊಮೇಟೊ ಲೋಡ್ ಹೊಡೀತೀವಿ. ಗಾಡಿಗೆ ಜಿಪಿಎಸ್ ಹಾಕ್ಸಿದೀವಿ, ಅದು ಡ್ರೈವರ್ ಜೋರಾಗಿ ಬ್ರೇಕ್ ಹೊಡೆದ್ರೆ ಮೊಬೈಲಿಗೆ ಮೆಸೇಜ್ ಕಳಿಸುತ್ತೆ. ನೀವು ಹೇಳ್ತಿರೋ ಗ್ರಾಫ್ ಇದೇನಾ? ಇದ್ರಲ್ಲೂ ಬ್ರೇಕ್ ಎಲ್ಲಿ ಹಿಡಿದ ಅಂತ ಗೆರೆ ನೋಡ್ಬೋದಾ? ಮುಳಬಾಗಿಲು ದಾಟಿದ ಮೇಲೆ ಘಾಟಿ ಇಳಿಜಾರಲ್ಲಿ ದಿನಾ ಎರಡು ಮೂರು ಮೆಸೇಜ್ ಬರುತ್ತೆ.

ದುರ್ಗದ ಹಾದಿ, ತುಮಕೂರು · ರಾತ್ರಿ 11:47

ಲಾರಿ ಅಣ್ಣ, ಇಲ್ಲಿ ಮಾತಾಡ್ತಿರೋದು ಕಂಪ್ಯೂಟರ್ ಆಟದ ಬಗ್ಗೆ. ನಿಮ್ಮ ಜಿಪಿಎಸ್ ಎಷ್ಟು ಸೆಕೆಂಡಿಗೊಮ್ಮೆ ಬರೆಯುತ್ತೆ ಅಂತ ಹಾಕಿದವರನ್ನ ಕೇಳಿ. ಐದು ಸೆಕೆಂಡಿಗೊಮ್ಮೆ ಅಂದ್ರೆ, 60ರಲ್ಲಿ ಹೋಗೋ ಗಾಡಿ ಎರಡು ಚುಕ್ಕಿ ಮಧ್ಯೆ 80 ಮೀಟರಿಗಿಂತ ಹೆಚ್ಚು ದಾಟಿರುತ್ತೆ. ಜೋರಾಗಿ ಹೊಡೆದ್ರು ಅಂತ ಗೊತ್ತಾಗ್ಬೋದು, ಹೇಗೆ ಹೊಡೆದ್ರು ಅನ್ನೋ ಗೆರೆ ಅದರಿಂದ ಬರಲ್ಲ.

ಗುಬ್ಬಿಗೇಟ್, ನಿನ್ನ ಚಿತ್ರ ದೊಡ್ಡದು ಮಾಡಿ ನೋಡಿದೆ. ಮೊದಲು ಡೆಲ್ಟಾ ಗೆರೆ. ಅದು ಎಷ್ಟು ಎತ್ತರದಲ್ಲಿದೆ ಅಂತ ನೋಡ್ಬೇಡ, ಎಲ್ಲಿ ಏರ್ತಿದೆ ಅಂತ ನೋಡು. ಏರ್ತಿರೋ ಜಾಗದಲ್ಲಷ್ಟೇ ನೀನು ಸಮಯ ಕಳ್ಕೊತಿರೋದು. ಮಟ್ಟಸವಾಗಿದ್ರೆ ಅಲ್ಲಿ ಇಬ್ಬರದೂ ಒಂದೇ ವೇಗ. ಈಗ ನೋಡು: ಬ್ರೇಕ್ ಭಾಗದಲ್ಲಿ 0.15 ಏರಿದೆ. ಚಿಕೇನ್ ಒಳಗೆ 0.1. ಆಮೇಲೆ ಹೊರಗೆ ಬಂದು, ಕುರ್ವಾ ಗ್ರಾಂಡೆ ತಿರುವು ಸುತ್ತಿ, ಎರಡನೇ ಚಿಕೇನ್‌ಗೆ ಬ್ರೇಕ್ ಹಿಡಿಯೋವರೆಗೂ ನಿಧಾನಕ್ಕೆ ಏರ್ತಾನೇ ಇದೆ, ಅಲ್ಲೊಂದು 0.3. ಬ್ರೇಕಿಗಿಂತ ಎರಡು ಪಟ್ಟು ನಷ್ಟ ನೀನು ಫುಲ್ ಥ್ರಾಟಲ್‌ನಲ್ಲಿ ಇರೋ ಜಾಗದಲ್ಲಿ.

ಅದು ಇಂಜಿನ್ ತಪ್ಪಲ್ಲ. ಹೊರಬರೋವಾಗ ನಿನ್ನ ವೇಗ ಅವನಿಗಿಂತ 6 ಕಿ.ಮೀ. ಕಮ್ಮಿ ಇದೆ, ಆ ಕೊರತೆ ಮುಂದಕ್ಕೆ ಹರಿದು ಹೋಗುತ್ತೆ. ಸಾವಿರ ಮೀಟರನ್ನ ಸರಾಸರಿ 190ರ ಬದಲು 187ರಲ್ಲಿ ದಾಟಿದ್ರೆ ಸರಿಯಾಗಿ 0.3 ಸೆಕೆಂಡ್ ಹೋಗುತ್ತೆ, ಲೆಕ್ಕ ಹಾಕಿ ನೋಡು.

ಇನ್ನು ಆ 20 ಮೀಟರ್. ಬ್ರೇಕ್ ಗೆರೆ ಶುರುವಾಗೋ ಜಾಗ ಬಿಟ್ಟು ಅದು ಹತ್ತೋ ರೀತಿ ನೋಡು. ಗೆಳೆಯನ ಗೆರೆ ಗೋಡೆ ಥರ ನಿಂತಿದೆ, 0.15 ಸೆಕೆಂಡಲ್ಲಿ ಮೇಲೆ. ನಿನ್ನದು ದಿಬ್ಬ ಹತ್ತಿದ ಹಾಗೆ, 0.4 ಸೆಕೆಂಡ್ ತಗೊಂಡಿದೆ. 270 ಅಂದ್ರೆ ಸೆಕೆಂಡಿಗೆ 75 ಮೀಟರ್. ಕಾಲು ಸೆಕೆಂಡ್ ಹೆಚ್ಚಿಗೆ ತಗೊಂಡೆ, ಆ ಹೊತ್ತಲ್ಲಿ ಅರ್ಧ ಬ್ರೇಕ್ ಮಾತ್ರ ಕೆಲಸ ಮಾಡ್ತು ಅಂದ್ರೂ 9 ಮೀಟರ್ ಹೋಯ್ತು. 20ರಲ್ಲಿ ಹತ್ತಿರ ಹತ್ತಿರ ಅರ್ಧ ನಿನ್ನ ಕಾಲಿನ ನಿಧಾನ. ಕಾಲು ಹಾಗೇ ಇಟ್ಕೊಂಡು ಜಾಗ ಮಾತ್ರ 130ಕ್ಕೆ ತಂದೆ, ಅದಕ್ಕೇ ನೇರ ಹೋದೆ.

ಲೇಟ್‌ಬ್ರೇಕ್ ಕೋಲಾರ · ರಾತ್ರಿ 11:59

ಕಾಲಿನ ವಿಷಯ ಒಪ್ಪಿದೆ ಅಕ್ಕ, ನಾನು ಅದನ್ನ ನೋಡಿರ್ಲಿಲ್ಲ. ಆದ್ರೆ ಬ್ರೇಕ್‌ನಲ್ಲಿ 0.15 ಹೋಗ್ತಿರೋದು ನಿಜ ತಾನೇ? ಮೊನ್ಜಾದಲ್ಲಿ ಹೀಗೆ ಜೋರಾಗಿ ಹಿಡಿಯೋ ಜಾಗ ಇನ್ನೂ ಇವೆ. ಎಲ್ಲಾ ಕಡೆ ಅಷ್ಟಷ್ಟು ಸೇರಿದ್ರೆ ಅರ್ಧ ಸೆಕೆಂಡ್ ಆಗುತ್ತೆ.

ದುರ್ಗದ ಹಾದಿ · ರಾತ್ರಿ 12:06

ನಿಜ, ಬಿಡೋ ಹಾಗಿಲ್ಲ. ಆದ್ರೆ ಗುಬ್ಬಿಗೇಟ್ 148ಕ್ಕೆ ಹಿಡೀತಾನೆ ಅನ್ನೋದೇ ನನಗೆ ಅನುಮಾನ. ಅದು ಒಂದು ಸುತ್ತು, ಅದೂ ಬೆಸ್ಟ್ ಸುತ್ತು. ಗುಬ್ಬಿಗೇಟ್, ಹತ್ತೂ ಸುತ್ತಿನದು ತೆಗಿ. ಬ್ರೇಕ್ ಶೇ. 5 ದಾಟಿದ ಕಡೆ ಕರ್ಸರ್ ಇಟ್ಟು, ತಿರುವಿಗೆ ಎಷ್ಟು ಮೀಟರ್ ಅಂತ ಒಂದು ಚೀಟಿಯಲ್ಲಿ ಬರಿ. ಅಡ್ಡ ಗೆರೆ ಸಮಯದ್ದಲ್ಲ, ದೂರದ್ದೇ ಇರ್ಬೇಕು. ಸಮಯ ಇಟ್ರೆ ಮೊದಲ ತಿರುವಲ್ಲಿ ಹಿಂದೆ ಬಿದ್ದದ್ದು ಮುಂದೆಲ್ಲ ಗೆರೆ ಸರಿಸಿಬಿಡುತ್ತೆ, ಒಂದೇ ಜಾಗ ಹೋಲಿಸಿದ ಹಾಗಾಗಲ್ಲ.

ನಂದಿ ತಿರುವು, ಚಿಕ್ಕಬಳ್ಳಾಪುರ · ಭಾನುವಾರ ಬೆಳಗ್ಗೆ 7:15

ಬೇಜಾರಾಗ್ಬೇಡಿ, ಆದ್ರೆ ಹೇಳ್ತೀನಿ. ನಾನು ಹತ್ತು ವರ್ಷದಿಂದ ಬೈಕ್ ತಗೊಂಡು ನಂದಿ ಬೆಟ್ಟ ಹತ್ತೋನು. ತಿರುವು ಕಣ್ಣಿಗೆ ಬಿದ್ದ ತಕ್ಷಣ ಕೈ ತಾನೇ ಬ್ರೇಕಿಗೆ ಹೋಗುತ್ತೆ, ಮೀಟರ್ ಎಣಿಸೋದಿಲ್ಲ. ಈ ಹುಡುಗ ಚೀಟಿ ಬರೆಯೋ ಹೊತ್ತಲ್ಲಿ ಇನ್ನೂ ಐವತ್ತು ಸುತ್ತು ಓಡಿಸಿದ್ರೆ ಕೈಗೆ ತಾನೇ ಬರುತ್ತೆ.

ಗುಬ್ಬಿಗೇಟ್ ರೇಸರ್ · ಬೆಳಗ್ಗೆ 10:30

ಅಣ್ಣ, ಮೂರು ವಾರದಲ್ಲಿ ನಾನೂರು ಸುತ್ತು ಆಗಿದೆ, ಬಂದಿಲ್ಲ. ಅದಕ್ಕೇ ಕೇಳ್ತಿರೋದು.

ಅಕ್ಕ, ಚೀಟಿ ಇಲ್ಲಿದೆ, ಸುತ್ತಿನ ಪ್ರಕಾರ, ಹತ್ತೂ ಸುತ್ತಿನ ವೇಗದ ಗೆರೆಯ ಚಿತ್ರನೂ ಹಾಕಿದೀನಿ:

```
148 155 141 163 150 146 152 158 144 149
```

ಗೆಳೆಯಂದು 126ರಿಂದ 132ರ ಒಳಗೇ ಇದೆ, ಹತ್ತೂ ಸುತ್ತು. ನಂದು ನೋಡಿ ನನಗೇ ಆಶ್ಚರ್ಯ ಆಯ್ತು. ನಾನು ದಿನಾ 150ರ ಬೋರ್ಡ್ ನೋಡಿ ಹಿಡೀತೀನಿ ಅಂದ್ಕೊಂಡಿದ್ದೆ.

ದುರ್ಗದ ಹಾದಿ · ಬೆಳಗ್ಗೆ 11:12

141ರಿಂದ 163. 22 ಮೀಟರ್ ಹರಡಿಕೊಂಡಿದೆ, ಕಣ್ಣಿಗೆ ಅದು 0.3 ಸೆಕೆಂಡ್. ಗೆಳೆಯನಿಗೂ ನಿನಗೂ ಇರೋ ಅಂತರಕ್ಕಿಂತ ನಿನಗೂ ನಿನಗೂ ಇರೋ ಅಂತರ ಜಾಸ್ತಿ. ಇಂಥಾ ಸ್ಥಿತಿಯಲ್ಲಿ 5 ಮೀಟರ್ ಮುಂದೆ, 10 ಮೀಟರ್ ಹಿಂದೆ ಅನ್ನೋದಕ್ಕೆ ಅರ್ಥವೇ ಇಲ್ಲ, ಆ ಬದಲಾವಣೆ ಈ ಚದುರುವಿಕೆಯಲ್ಲಿ ಮುಳುಗಿ ಹೋಗುತ್ತೆ.

ಏಳನೇ ಸುತ್ತು ಮಾತ್ರ ಬೇರೆ ಇಡು. ಬ್ರೇಕ್ ಒತ್ತೋ ಕ್ಷಣದ ವೇಗ ನೋಡು, ಅಲ್ಲಿ 278 ಇರ್ಬೇಕು. ಮುಂದೆ ಯಾರೋ ಇದ್ದು ಅವರ ಗಾಳಿ ಮರೆಯಲ್ಲಿ ಬಂದಿದೀಯ. ವೇಗ 8 ಹೆಚ್ಚಿದ್ರೆ ಕಳೆಯಬೇಕಾದ ಶಕ್ತಿ ಶೇ. 6 ಹೆಚ್ಚು, ಅಂದ್ರೆ 8–9 ಮೀಟರ್ ಉದ್ದ. ನೋಡೋಕೆ 152 ಆದ್ರೂ ಒಬ್ಬನೇ ಓಡಿಸುವಾಗಿನ 143ಕ್ಕೆ ಸಮ. ಆ ಸುತ್ತಲ್ಲಿ ನೀನು ಚೆನ್ನಾಗೇ ಹಿಡಿದಿದೀಯ. ವೇಗ ನೋಡದೆ ಬರೀ ಮೀಟರ್ ಹೋಲಿಸಿದ್ರೆ ಇಂಥವು ತಪ್ಪಾಗಿ ಕಾಣುತ್ತೆ.

ಒಂದು ಪ್ರಶ್ನೆ. ಓಡಿಸೋವಾಗ ಪೆಡಲ್ ಓವರ್‌ಲೇ ಸ್ಕ್ರೀನ್ ಮೇಲೆ ಇರುತ್ತಾ? ಎಲ್ಲಿ ಇಟ್ಟಿದೀಯ?

ಗುಬ್ಬಿಗೇಟ್ ರೇಸರ್ · ಬೆಳಗ್ಗೆ 11:20

ಹೂಂ ಅಕ್ಕ, ಕೆಳಗೆ ನಡುವಲ್ಲಿ, ಸ್ಟೀರಿಂಗ್ ಮೇಲ್ಗಡೆ. ಬ್ರೇಕ್ ಕೆಂಪು, ಥ್ರಾಟಲ್ ಹಸಿರು ಗೆರೆ ಓಡ್ತಿರುತ್ತೆ. 278 ನಿಜ, ನೋಡಿದೆ.

ದುರ್ಗದ ಹಾದಿ · ಬೆಳಗ್ಗೆ 11:31

ಅದನ್ನ ಆರಿಸಿ ಹತ್ತು ಸುತ್ತು ಓಡಿಸು. ಬ್ರೇಕ್ ಹಿಡಿಯೋಕೆ ಮುಂಚಿನ ಅರ್ಧ ಸೆಕೆಂಡ್ ಕಣ್ಣು ಬೋರ್ಡ್ ಮೇಲೆ ಇರ್ಬೇಕು. ನಿನ್ನ ಕಣ್ಣು ಕೆಂಪು ಗೆರೆ ಬಂತಾ ಅಂತ ಕೆಳಗಿಳೀತಿದೆ ಅಂತ ನನ್ನ ಊಹೆ. ಲೈವ್ ಓವರ್‌ಲೇ ಓಟ ಮುಗಿದ ಮೇಲೆ ರಿಪ್ಲೇನಲ್ಲಿ ನೋಡೋಕೆ ಚೆನ್ನ.

ಚಿಂತಾಮಣಿ ಪ್ಯಾಡ್ · ಮಧ್ಯಾಹ್ನ 1:05

ನನ್ನ ಹತ್ರ ವೀಲ್ ಇಲ್ಲ, ಪ್ಯಾಡ್‌ನಲ್ಲೇ ಆಡೋದು. ಬ್ರೇಕ್ ಗೆರೆ ನನ್ನದು ಸೊನ್ನೆಯಿಂದ ನೂರಕ್ಕೆ ನೇರ ಏರುತ್ತೆ, ಎಬಿಎಸ್ ಗೆರೆ ತಿರುವಿನ ತನಕ ಕುಣೀತಾನೇ ಇರುತ್ತೆ. ಗೆಳೆಯನ ಗೆರೆ ಗೋಡೆ ಥರ ಅಂದ್ರಲ್ಲ, ಹಾಗಾದ್ರೆ ನಂದು ಸರಿ ಇದೆಯಾ? ಎಬಿಎಸ್ ಕುಣಿದ್ರೆ ತಪ್ಪಾ?

ಲೇಟ್‌ಬ್ರೇಕ್ ಕೋಲಾರ · ಮಧ್ಯಾಹ್ನ 1:20

ಜಿಟಿ3ನಲ್ಲಿ ಎಬಿಎಸ್ ಇರೋದೇ ಅದಕ್ಕೆ ಮಗಾ. ಜೋರಾಗಿ ಓಡಿಸೋರು ಸುಮಾರು ಜನ ಎಬಿಎಸ್ ಮೇಲೇ ಹಿಡೀತಾರೆ. ತಪ್ಪೇನಿಲ್ಲ.

ದುರ್ಗದ ಹಾದಿ · ಮಧ್ಯಾಹ್ನ 2:02

ನೇರ ದಾರಿಯಲ್ಲಿ ಕುಣಿದ್ರೆ ನಾನೂ ತಲೆ ಕೆಡಿಸಿಕೊಳ್ಳಲ್ಲ. ಸ್ಟೀರಿಂಗ್ ಗೆರೆ ಏಳೋಕೆ ಶುರುವಾದ ಮೇಲೂ ಎಬಿಎಸ್ ಕುಣೀತಿದ್ರೆ ಮಾತ್ರ ನೋಡ್ಬೇಕು. ಮುಂದಿನ ಟೈರಿಗೆ ಇರೋ ಹಿಡಿತವೆಲ್ಲ ನಿಲ್ಲಿಸೋಕೇ ಖರ್ಚಾಗಿ ತಿರುಗೋಕೆ ಉಳಿದಿರಲ್ಲ, ಸ್ಟೀರಿಂಗ್ ಎಳೆದ್ರೂ ಕಾರು ಹೊರಗೆ ಜಾರುತ್ತೆ. ಪ್ಯಾಡ್, ನಿನ್ನ ಸ್ಟೀರಿಂಗ್ ಗೆರೆಯನ್ನ ಆಟವೇ ಸ್ವಲ್ಪ ನಯ ಮಾಡಿರುತ್ತೆ, ಅದನ್ನ ವೀಲ್‌ನವರ ಗೆರೆಗೆ ಹೋಲಿಸ್ಬೇಡ. ಬ್ರೇಕ್ ಶುರುವಾಗೋ ಜಾಗದ ಚೀಟಿ ಮಾತ್ರ ನಿನಗೂ ಹಾಗೇ ನಡೆಯುತ್ತೆ.

ಈಗ ಗುಬ್ಬಿಗೇಟ್‌ನ ದೊಡ್ಡ ನಷ್ಟ. ಹೊರಬರೋವಾಗ ಥ್ರಾಟಲ್ ಗೆರೆ ನೂರಕ್ಕಿದೆ, ಟಿಸಿ ಗೆರೆ ಮೇಲೆದ್ದಿದೆ. ಕಾಲು ನೂರು ಕೇಳ್ತಿದೆ, ಕಾರು ಕೊಡ್ತಿಲ್ಲ. ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತಿದೆ ಅಂತ ಅನುಮಾನ. ಅದನ್ನ ನೋಡೋಕೆ ಐ2ನಲ್ಲಿ ಈ ಲೆಕ್ಕ ಹಾಕ್ಕೋ:

```
('WHEEL_SPEED_LR' - 'WHEEL_SPEED_LF') / 'WHEEL_SPEED_LF' * 100
```

ಬಲಕ್ಕೂ ಇದೇ ಥರ `RR`, `RF` ಹಾಕಿ ಇನ್ನೊಂದು. ಜಿಟಿ3 ಎಲ್ಲಾ ಹಿಂಚಕ್ರದ ಕಾರುಗಳು. ಥ್ರಾಟಲ್ ಕೊಡೋವಾಗ ಮುಂದಿನ ಚಕ್ರ ನೆಲದ ಜೊತೆ ಉರುಳುತ್ತೆ ಅಷ್ಟೇ, ಹಾಗಾಗಿ ಅದನ್ನೇ ನೆಲದ ವೇಗ ಅಂತ ಇಟ್ಕೋಬಹುದು. ಎಡ ಎಡಕ್ಕೆ, ಬಲ ಬಲಕ್ಕೆ ಹೋಲಿಸು. ಅಡ್ಡಡ್ಡ ಹೋಲಿಸಿದ್ರೆ ತಿರುವಲ್ಲಿ ಒಳಗಿನ ಚಕ್ರ ಕಮ್ಮಿ ದೂರ ಉರುಳೋದೂ ಜಾರಿದ ಹಾಗೇ ಕಾಣುತ್ತೆ. ನೇರ ದಾರಿಯಲ್ಲಿ ಎರಡೂ ಪೆಡಲ್ ಬಿಟ್ಟು ಉರುಳೋವಾಗ ಬರೋ ಸಂಖ್ಯೆ ಸೊನ್ನೆ ಹತ್ತಿರ ಇರ್ಬೇಕು. ಇಲ್ಲಾಂದ್ರೆ ಅಷ್ಟನ್ನ ಎಲ್ಲಾ ಕಡೆ ಕಳೆದು ಓದು.

ಗುಬ್ಬಿಗೇಟ್ ರೇಸರ್ · ರಾತ್ರಿ 9:40

ಮಧ್ಯೆ ಕರೆಂಟ್ ಹೋಗಿ ಒಂದು ಓಟ ಪೂರ್ತಿ ಕಳೀತು, ಅದಕ್ಕೇ ತಡ. ಲೆಕ್ಕ ಹಾಕಿದೆ. ಉರುಳೋವಾಗ ಎರಡೂ ಕಡೆ ಸೊನ್ನೆ ಹತ್ತಿರಾನೇ ಇದೆ. ಚಿಕೇನ್ ಮೊದಲು ಬಲ, ಆಮೇಲೆ ಎಡ ಅಲ್ವಾ, ಆ ಎಡ ಮುಗಿಸಿ ಹೊರಬರೋವಾಗ ಎಡ ಹಿಂದಿನ ಚಕ್ರ ಶೇ. 18 ಹೆಚ್ಚಿಗೆ ಸುತ್ತಿದೆ, ಬಲದ್ದು ಶೇ. 4. ಹತ್ತರಲ್ಲಿ ಏಳು ಸುತ್ತು ಹೀಗೇ. ಗೆಳೆಯಂದು ಎರಡೂ ಕಡೆ 4–5.

ಲೇಟ್‌ಬ್ರೇಕ್ ಕೋಲಾರ · ರಾತ್ರಿ 9:48

ಹಾಗಾದ್ರೆ ಟಿಸಿ ಎರಡು ಹೆಚ್ಚಿಸು. ಸುತ್ತೋದು ನಿಲ್ಲುತ್ತೆ, ಮುಗೀತು.

ದುರ್ಗದ ಹಾದಿ · ರಾತ್ರಿ 10:15

ಎರಡೂ ಹಿಂಚಕ್ರ ಒಟ್ಟಿಗೆ ಶೇ. 10–12 ಹೆಚ್ಚಿಗೆ ಸುತ್ತಿದ್ರೆ ನಾನೂ ಟಿಸಿ ಅಥವಾ ಕಾಲು ಅಂತಿದ್ದೆ. ಇಲ್ಲಿ ಒಂದೇ ಚಕ್ರ, ಅದೂ ಒಳಗಿಂದು. ರಿಪ್ಲೇನಲ್ಲಿ ಅದೇ ಜಾಗ ನಿಲ್ಲಿಸಿ ನೋಡು, ಎಡ ಚಕ್ರ ಒಳಗಿನ ಕರ್ಬ್ ಮೇಲೆ ಹತ್ತಿರುತ್ತೆ. ಭಾರ ಎಲ್ಲಾ ಬಲಕ್ಕೆ ವಾಲಿರುವಾಗ ಎಡ ಚಕ್ರ ಕರ್ಬ್ ಮೇಲೆ ಕುಪ್ಪಳಿಸಿದ್ರೆ ಅದಕ್ಕೆ ಹಿಡಿತ ಎಲ್ಲಿಂದ ಬರ್ಬೇಕು? ಟಿಸಿ ಹೆಚ್ಚಿಸಿದ್ರೆ ಸುತ್ತೋದು ನಿಲ್ಲುತ್ತೆ, ಜೊತೆಗೆ ಶಕ್ತಿನೂ ನಿಲ್ಲುತ್ತೆ. 18 ಅನ್ನೋ ಸಂಖ್ಯೆಯನ್ನ ಪೂರ್ತಿ ನಂಬ್ಬೇಡ, ಎಡ ಮುಂಚಕ್ರವೂ ಗಾಳಿಯಲ್ಲಿದ್ರೆ ಅದರ ವೇಗ ಇಳಿದು ಲೆಕ್ಕ ಉಬ್ಬುತ್ತೆ. ಆದ್ರೆ ಟಿಸಿ ಗೆರೆಯೂ ಅದೇ ಜಾಗದಲ್ಲಿ ಎದ್ದಿದೆ, ಹಾಗಾಗಿ ಜಾರೋದಂತೂ ಹೌದು.

ಎರಡನೇ ಕರ್ಬನ್ನ ಅರ್ಧ ಚಕ್ರದಷ್ಟು ಬಿಟ್ಟು ಹೋಗು. ಥ್ರಾಟಲ್ ಈಗ ಕೊಡೋ ಜಾಗದಲ್ಲೇ ಕೊಡು. ಒಂದೇ ಒಂದು ಬದಲಾವಣೆ ಇರ್ಲಿ, ಆಗ ಯಾವುದರಿಂದ ಏನಾಯ್ತು ಅಂತ ಗೊತ್ತಾಗುತ್ತೆ.

ಲೇಟ್‌ಬ್ರೇಕ್ ಕೋಲಾರ · ರಾತ್ರಿ 10:22

ಕರ್ಬ್ ಬಿಟ್ರೆ ದಾರಿ ಬಳುಕುತ್ತೆ ಅಕ್ಕ, ಒಳಗೆ ವೇಗ ಕಮ್ಮಿ ಆಗುತ್ತೆ. ನಾನು ಟಿಸಿ ಹೆಚ್ಚಿಸಿ ಕರ್ಬ್ ಮೇಲೇ ಹೋಗ್ತೀನಿ, ನನಗೆ 1:49.6 ಬರುತ್ತೆ.

ದುರ್ಗದ ಹಾದಿ · ರಾತ್ರಿ 10:30

ನಿನ್ನ ಕಾರಿಗೆ ಅದು ಸರಿ ಇರ್ಬಹುದು. ಕರ್ಬ್ ಹೇಗೆ ನುಂಗುತ್ತೆ ಅನ್ನೋದು ಕಾರಿಂದ ಕಾರಿಗೆ ಬೇರೆ. ನಿನ್ನ ಲಾಗ್ ಹಾಕು, ಟಿಸಿ ಎಷ್ಟು ಹೊತ್ತು ಎದ್ದಿರುತ್ತೆ ನೋಡೋಣ.

ಟೊಮೇಟೊ ಲಾರಿ · ಸೋಮವಾರ ಬೆಳಗ್ಗೆ 6:10

ಜಿಪಿಎಸ್‌ನವರನ್ನ ಕೇಳಿದೆ, ಹತ್ತು ಸೆಕೆಂಡಿಗೊಮ್ಮೆ ಅಂತೆ. ಅಲ್ಲಿಗೆ ನಿಮ್ಮ ಮಾತು ಸರಿ. ಡ್ರೈವರ್ ಮೇಲೆ ಸುಮ್ಮನೆ ಕೂಗಾಡ್ತಿದ್ದೆ. ಇವತ್ತು ಪಕ್ಕದಲ್ಲೇ ಕೂತು ಹೋಗಿ ನೋಡ್ತೀನಿ.

ಗುಬ್ಬಿಗೇಟ್ ರೇಸರ್ · ಬುಧವಾರ ರಾತ್ರಿ 10:05

ಓವರ್‌ಲೇ ಆರಿಸಿ, ಕರ್ಬ್ ಬಿಟ್ಟು ಹತ್ತು ಸುತ್ತು. ಎಡ ಚಕ್ರ ಈಗ 6ಕ್ಕೆ ಇಳಿದಿದೆ. ಹೊರಬರೋ ವೇಗ ಗೆಳೆಯನಿಗಿಂತ 2 ಮಾತ್ರ ಕಮ್ಮಿ. ಬೆಸ್ಟ್ ದೊಡ್ಡದಾಗಿ ಬದಲಾಗಿಲ್ಲ, 1:50.1. ಆದ್ರೆ ಸರಾಸರಿ 1:51.3 ಇದ್ದದ್ದು 1:50.5 ಆಗಿದೆ. ಚೀಟಿ:

```
143 141 142 140 139 141 138 137 138 136
```

ನಂದಿ ತಿರುವು · ರಾತ್ರಿ 10:20

ಇದು ಚೆನ್ನಾಗಿದೆ. ಕಣ್ಣು ದಾರಿ ಮೇಲೆ ಬಂತು ಅಷ್ಟೇ. ನಾನು ಹೇಳಿದ್ದೂ ಅದೇ ಅಂತ ನನ್ನ ಭಾವನೆ, ಆದ್ರೆ ಕಣ್ಣು ಎಲ್ಲಿತ್ತು ಅಂತ ಚೀಟಿ ಇಲ್ಲದೆ ಗೊತ್ತಾಗ್ತಿರ್ಲಿಲ್ಲ ಅನ್ನೋದನ್ನೂ ಒಪ್ತೀನಿ.

ದುರ್ಗದ ಹಾದಿ · ರಾತ್ರಿ 10:41

22 ಇದ್ದದ್ದು 7 ಆಗಿದೆ. ಅದಕ್ಕಿಂತ ಮುಖ್ಯ, ಇದು ಚದುರಿದ್ದಲ್ಲ, ಇಳಿಜಾರು. 143ರಿಂದ 136ಕ್ಕೆ ಒಂದೇ ದಿಕ್ಕಲ್ಲಿ ಜಾರಿದೆ. ಮೊದಲ ಚೀಟಿಯಲ್ಲಿ ದಿಕ್ಕೇ ಇರ್ಲಿಲ್ಲ.

ಲೇಟ್‌ಬ್ರೇಕ್ ಕೋಲಾರ · ರಾತ್ರಿ 10:47

ಪೆಟ್ರೋಲ್ ಖಾಲಿ ಆಗ್ತಾ ಕಾರು ಹಗುರ ಆಗುತ್ತೆ, ಅದಕ್ಕೇ ತಡವಾಗಿ ಹಿಡಿದ್ರೂ ನಿಲ್ಲುತ್ತೆ.

ದುರ್ಗದ ಹಾದಿ · ರಾತ್ರಿ 10:55

ಸ್ವಲ್ಪ ಹೌದು, ಪೂರ್ತಿ ಅಲ್ಲ. ಹತ್ತು ಸುತ್ತಿಗೆ 30 ಲೀಟರ್ ಹೋಗಿದೆ ಅಂತ ಇಟ್ಕೊಂಡ್ರೂ ಅದು 22 ಕೆ.ಜಿ. ಕಾರು 1300 ಕೆ.ಜಿ. ಸುಮಾರಿಗಿದೆ, ಶೇ. 2 ಕೂಡ ಆಗಲ್ಲ. ಅವನು ತಡಮಾಡಿರೋದು 140ರಲ್ಲಿ 7, ಅಂದ್ರೆ ಶೇ. 5. ಉಳಿದದ್ದು ಟೈರ್ ಬಿಸಿಯಾಗಿದ್ದು ಇರ್ಬಹುದು, ಅಥವಾ ಧೈರ್ಯ ಬಂದು ಇವನೇ ಜೋರಾಗಿ ಒತ್ತಿರ್ಬಹುದು. ಎರಡನೇ ಸುತ್ತಿನ ಬ್ರೇಕ್ ಗೆರೆ, ಕಾರು ಎಷ್ಟು ಜೋರಾಗಿ ನಿಧಾನ ಆಗ್ತಿದೆ ಅಂತ ತೋರಿಸೋ `G_LON` ಗೆರೆ ತೆಗೆದು ಒಂಬತ್ತನೇದರ ಮೇಲೆ ಹಾಕು. ಬ್ರೇಕ್ ಅಷ್ಟೇ ಇದ್ದು `G_LON` ಹೆಚ್ಚಿದ್ರೆ ಟೈರ್. ಎರಡೂ ಹೆಚ್ಚಿದ್ರೆ ಕಾಲು.

ಗುಬ್ಬಿಗೇಟ್ ರೇಸರ್ · ರಾತ್ರಿ 11:30

ಹಾಕಿ ನೋಡಿದೆ. ಬ್ರೇಕ್ ಗೆರೆ ಒಂಬತ್ತರಲ್ಲಿ ಸ್ವಲ್ಪ ಬೇಗ ಹತ್ತಿದೆ, 0.3 ಸೆಕೆಂಡಿದ್ದದ್ದು 0.25. `G_LON` ಕೂಡ ಒಂದಿಷ್ಟು ಹೆಚ್ಚು. ಟೈರಾ ಕಾಲಾ ಹೇಳೋಕಾಗ್ತಿಲ್ಲ. ಭಾನುವಾರ ಟೈರ್ ಬಿಸಿ ಮಾಡ್ಕೊಂಡು, ಅಷ್ಟೇ ಪೆಟ್ರೋಲ್ ತುಂಬಿ ಮತ್ತೆ ಹತ್ತು ಸುತ್ತು ಓಡಿಸಿ ಚೀಟಿ ಹಾಕ್ತೀನಿ.

ಚಿಂತಾಮಣಿ ಪ್ಯಾಡ್ · ರಾತ್ರಿ 11:52

ನಾನೂ ಬರೆದೆ, ಪ್ಯಾಡ್‌ನಲ್ಲಿ: 151ರಿಂದ 158ರ ಒಳಗೆ ಒಂಬತ್ತು, ಒಂದು 170. ಆ 170ನೇದರಲ್ಲಿ ಮುಂದಿನ ಕಾರು ಬೋರ್ಡ್ ಮುಚ್ಚಿತ್ತು. ಬೋರ್ಡ್ ಕಾಣದಾಗ ನೀವೆಲ್ಲ ಏನು ನೋಡಿ ಹಿಡೀತೀರ?